ಬೂದು ಬಣ್ಣದ ಟೀ ಪುಡಿ ಕೊಂಡು ಗೆದ್ದದ್ದು

ಟೀ ಪುಡಿ ಕಪ್ಪಗೆ ಮಿನುಗಬೇಕೆಂಬ ಮಾತನ್ನು ನಂಬಿ ನಾನು ವ್ಯಾಪಾರದ ಮೊದಲ ವರ್ಷ ಕಳೆದುಕೊಂಡದ್ದು ಸುಮಾರು 40,000 ರೂಪಾಯಿ. ನೀಲಗಿರಿಯಿಂದ ತರಿಸಿದ ಆ ಸಿಟಿಸಿ ಡಸ್ಟ್ ಎಂಬ ಸಣ್ಣ ಕಣದ ಪುಡಿ ಕಣ್ಣಿಗೆ ಹಬ್ಬವಾಗಿತ್ತು. ಆದರೆ ಡಿಕಾಕ್ಷನ್ ಮಂಕು ಕಂದು. ಹಾಲು ಬೆರೆಸಿದರೆ ಕೆಂಪೇರದೆ ಬೂದಿ ಕಲಸಿದಂತಾಗುತ್ತಿತ್ತು. ಮೈಸೂರಿನ ಹೋಟೆಲಿನವರು ಚೀಲಗಳನ್ನು ಹಿಂದಿರುಗಿಸಿದ ಮೇಲೆಯೇ ನಾನು ಚರಟವನ್ನು ಬಿಳಿ ತಟ್ಟೆಗೆ ಸುರಿದು ನೋಡಿದ್ದು. ತಾಮ್ರದ ಬಣ್ಣವಿರಬೇಕಾದ ಚರಟ ಕಪ್ಪುಗಟ್ಟಿತ್ತು. ಕತ್ತರಿಸಿದ ಎಲೆ ಗಾಳಿಗೆ ಬಣ್ಣ ತಿರುಗುವ ಫರ್ಮೆಂಟೇಷನ್ ಅತಿಯಾಗಿ, ಡಿಕಾಕ್ಷನ್‌ಗೆ ಹೊಳಪು ಕೊಡುವ ಥಿಯಾಫ್ಲೇವಿನ್ ಮುಂದಿನ ಕಂದು ಅಂಶಗಳಾಗಿ ಮಾರ್ಪಟ್ಟಿತ್ತು. ಒಣಪುಡಿಯ ಬಣ್ಣ ಇದನ್ನು ಮುಚ್ಚಿಟ್ಟಿತ್ತು.

ಅಂದಿನಿಂದ 2.8 ಗ್ರಾಂ ಪುಡಿಗೆ 140 ಮಿಲಿಲೀಟರ್ ಕುದಿಯುವ ನೀರು ಹಾಕಿ, 5 ನಿಮಿಷ ಮುಚ್ಚಿಟ್ಟು, ಕಿಟಕಿಯ ಬೆಳಕಿನಲ್ಲಿ ಡಿಕಾಕ್ಷನ್ ಮತ್ತು ಚರಟವನ್ನು ಜೊತೆಯಾಗಿಯೇ ಓದುತ್ತೇನೆ. ಚರಟ ಹಸಿರಾಗಿದ್ದು ಡಿಕಾಕ್ಷನ್ ತೆಳುವಾಗಿ ಒಗರಾಗಿದ್ದರೆ ಫರ್ಮೆಂಟೇಷನ್ ಸಾಲದು. ಎರಡೂ ಮಂಕಾಗಿದ್ದರೆ ಅದು ಅತಿಯಾಗಿದೆ, ಇಲ್ಲವೇ ಡ್ರೈಯರ್‌ನ ಬಿಸಿ ಸಾಲದೆ ಎಲೆ ಅದರೊಳಗೇ ಬೆಂದಿದೆ.

ಹೀಗೆ ಓದುತ್ತಿದ್ದಾಗಲೇ ಒಂದು ಬೂದುಬಣ್ಣದ ಸ್ಯಾಂಪಲ್ ಕೈಗೆ ಬಂತು. ಕಿಲೋಗೆ ಸುಮಾರು 15 ರೂಪಾಯಿ ಅಗ್ಗವಾಗಿದ್ದರೂ ಯಾರೂ ಮುಟ್ಟಿರಲಿಲ್ಲ. ಡಿಕಾಕ್ಷನ್ ಮಾತ್ರ ಹೊಳೆಯುವ ಕೆಂಪು, ಚರಟ ಹೊಸ ತಾಮ್ರದ ಕಾಸಿನಂತೆ. ಜರಡಿಗಳಲ್ಲಿ ಮತ್ತೆ ಮತ್ತೆ ಆಡಿಸಿದ್ದರಿಂದ, ಕಣಗಳ ಮೇಲೆ ಒಣಗಿ ಹೊಳಪು ಕೊಟ್ಟಿದ್ದ ರಸದ ಪದರ ತಿಕ್ಕಿಹೋಗಿತ್ತು, ಅಷ್ಟೇ. ತಪ್ಪು ನಡೆದದ್ದು ಕಡೆಯ ಕೆಲಸದಲ್ಲಿ, ಫರ್ಮೆಂಟೇಷನ್‌ನಲ್ಲಲ್ಲ. 20 ಚೀಲ ಕೊಂಡೆ. "ಬೂದಿ ತಂದಿದ್ದೀರಲ್ಲ ಸ್ವಾಮಿ" ಎಂದು ನಕ್ಕ ದಲ್ಲಾಳಿಯೇ ಮೂರು ತಿಂಗಳ ನಂತರ ಅಂಥ ಮಾಲು ಇನ್ನೂ ಇದೆಯೇ ಎಂದು ವಿಚಾರಿಸಿದರು. ಕಪ್ಪು ಪುಡಿಯೊಂದಿಗೆ ಅದನ್ನು ಯಾವ ಪ್ರಮಾಣದಲ್ಲಿ ಬೆರೆಸಿದೆನೆಂಬುದನ್ನು ಅವರಿಗೂ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಎಲ್ಲ ಬೂದುಪುಡಿಯೂ ಹೀಗಲ್ಲ. ಹಳೆಯ ಮಾಲೂ ಬೂದಾಗಿ ಕಾಣುವುದುಂಟು. ಆಗ ಡಿಕಾಕ್ಷನ್ ಸಪ್ಪೆ, ಬಾಯಿಗೆ ಚುರುಕೇ ಇಲ್ಲ. ಅನುಮಾನ ಬಂದಾಗ ಡಿಕಾಕ್ಷನ್ ಅನ್ನು ಅರ್ಧ ಗಂಟೆ ಹಾಗೆಯೇ ಬಿಡುತ್ತೇನೆ. ಒಳ್ಳೆಯ ಡಿಕಾಕ್ಷನ್ ಆರಿದಂತೆ ಕೆನೆಗಟ್ಟಿದ ಹಾಗೆ ಮಬ್ಬಾಗುತ್ತದೆ, ಏಕೆಂದರೆ ಥಿಯಾಫ್ಲೇವಿನ್‌ನಂಥ ಅಂಶಗಳು ಕೆಫೀನಿನೊಡನೆ ಕೂಡಿ ಹೊರಬೀಳುತ್ತವೆ. ಇದನ್ನು ಕೊಳಕೆಂದು ತಿಳಿದು ನಾನೇ ಒಮ್ಮೆ ಒಳ್ಳೆಯ ಸ್ಯಾಂಪಲ್ ಚೆಲ್ಲಿದ್ದೇನೆ.

ಕುತೂಹಲಕ್ಕೆಂದು ಅದೇ ಬೂದುಪುಡಿಯನ್ನು ನಮ್ಮ ಗಡಸು ಬೋರ್‌ವೆಲ್ ನೀರಿನಲ್ಲಿಯೂ ಮಳೆನೀರಿನಲ್ಲಿಯೂ ಹಾಕಿ ನೋಡಿದೆ. ಬೋರ್‌ವೆಲ್ ನೀರಿನಲ್ಲಿ ಮೇಲೆ ತೆಟ್ಟೆ ಕಟ್ಟಿ ಕೆಂಪು ಮಂಕಾಯಿತು. ಮೊದಲ ಚೀಲಗಳಿಗೆ ಕೊಟ್ಟ ಶಾಪದಲ್ಲಿ ಸ್ವಲ್ಪ ಪಾಲು ನೀರಿಗೂ ಸಲ್ಲಬೇಕಿತ್ತು. ಈಗ ಪುಡಿಯನ್ನು ಕೊಳ್ಳುವ ಮೊದಲು, ಅದು ಹೋಗಲಿರುವ ಊರಿನ ನೀರನ್ನೇ ಒಂದು ಕ್ಯಾನಿನಲ್ಲಿ ತರಿಸಿಕೊಳ್ಳುತ್ತೇನೆ.