ಅಗಲದ ಟೇಬಲ್ಲನ್ನ ಫೋನಲ್ಲಿ ಓದೋ ಹಾಗೆ ಬುಲೆಟ್ ಪಟ್ಟಿ ಮಾಡೋದು ಹೇಗೆ?

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಯಾರಾದ್ರೂ ಟ್ರಿಪ್ ಪ್ಲಾನ್ ಮಾಡಿದ್ರೆ ಮೊದಲು ಬರೋದು ವರ್ಡಲ್ಲಿ ಮಾಡಿದ ಒಂದು ಟೇಬಲ್. ಆರು ಕಾಲಂ, ಮೇಲೆ ನೀಲಿ ಬಣ್ಣದ ಹೆಡಿಂಗ್, ಕಂಪ್ಯೂಟರಲ್ಲಿ ನೋಡಿದ್ರೆ ಭಾರಿ ಚೆಂದ. ಫೋನಲ್ಲಿ ತೆಗೆದ್ರೆ ಇರುವೆ ಸಾಲು. ಆಮೇಲೆ ಚಿಕ್ಕಪ್ಪ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡ್ತಾರೆ, ಬೇಲೂರಿಗೆ ಎಷ್ಟೊತ್ತಿಗೆ ಹೊರಡೋದು ಅಂತ ಬಲಗಡೆಗೆ ಸರಿಸೋ ಅಷ್ಟರಲ್ಲಿ ಯಾವ ಸಾಲಲ್ಲಿದ್ವಿ ಅನ್ನೋದೇ ಮರೆತುಹೋಗಿರತ್ತೆ, ಕೊನೆಗೆ ಫೋನ್ ಮಾಡಿ ಕೇಳ್ತಾರೆ. ಎ4 ಹಾಳೆ 21 ಸೆಂಟಿಮೀಟರ್ ಅಗಲ, ಫೋನ್ ಪರದೆ ಸುಮಾರು 7. ಅಂದ್ರೆ ನೀವು 11 ಪಾಯಿಂಟಲ್ಲಿ ಟೈಪ್ ಮಾಡಿದ ಅಕ್ಷರ ಅಲ್ಲಿ 4 ಪಾಯಿಂಟೂ ಇರಲ್ಲ. ಯಾವ ಕನ್ನಡಕ ಹಾಕಿದ್ರೂ ಕಾಣಲ್ಲ.

ಇದನ್ನ ಬುಲೆಟ್ ಪಟ್ಟಿ ಮಾಡ್ತೀನಿ ಅಂತ ಹೊರಟವರೂ ಕೆಡಿಸೋದನ್ನ ತುಂಬಾ ನೋಡಿದೀನಿ. ಟೇಬಲ್ ಸೆಲೆಕ್ಟ್ ಮಾಡಿ ಬುಲೆಟ್ ಬಟನ್ ಒತ್ತಿಬಿಡ್ತಾರೆ, ಟೇಬಲ್ ಹಾಗೇ ಇರತ್ತೆ, ಪ್ರತಿ ಸೆಲ್ ಒಳಗೂ ಒಂದೊಂದು ಚುಕ್ಕಿ ಕೂತ್ಕೊಳತ್ತೆ. ಹಾಗಾಗಿ ಮನೇಲಿ ಮಾಡಿದ ಎರಡು ದಿನದ ಹಾಸನದ ಕಡೆ ಟ್ರಿಪ್ಪಿನ ಟೇಬಲ್ಲನ್ನೇ ಇಟ್ಕೊಂಡು ಹೇಳ್ತೀನಿ. ಕಾಲಂಗಳು ಇಷ್ಟು: ಕ್ರಮ ಸಂಖ್ಯೆ, ದಿನ, ಸ್ಥಳ, ಹೊರಡೋ ಸಮಯ, ಊಟ, ಸೂಚನೆ.

1. ಕಾಪಿ ಮಾಡ್ಕೊಳ್ಳಿ, ತಲೆ ಓಡಿಸಿ

ಫೈಲನ್ನ ಬೇರೆ ಹೆಸರಲ್ಲಿ ಸೇವ್ ಮಾಡಿ. ಆಮೇಲೆ ಒಂದೇ ಪ್ರಶ್ನೆ: ಓದೋರು ಈ ಟೇಬಲಲ್ಲಿ ಏನನ್ನ ಹುಡುಕ್ತಾರೆ? ಇಲ್ಲಿ ಸ್ಥಳ. ಹಾಗಾಗಿ ಸ್ಥಳ ಹೆಡಿಂಗ್ ಆಗತ್ತೆ, ಉಳಿದಿದ್ದು ಅದರ ಕೆಳಗೆ ಬುಲೆಟ್. ಕ್ರಮ ಸಂಖ್ಯೆ ಕಾಲಂ ಯಾರಿಗೂ ಬೇಡ, ಅಳಿಸಿ. ಐದು ಕಾಲಂ ಉಳೀತು. ಮೇಲಿನ ಹೆಡಿಂಗ್ ಸಾಲನ್ನೂ ಅಳಿಸಿ, ಆ ಹೆಸರುಗಳನ್ನ ಆಮೇಲೆ ನಾವೇ ಹಾಕ್ತೀವಿ.

ಅಂದಹಾಗೆ ಎರಡೇ ಕಾಲಂ ಇರೋ ಟೇಬಲ್ಲಿಗೆ ಇಷ್ಟೆಲ್ಲ ಬೇಡ, ಅದು ಫೋನಲ್ಲೂ ನಡೆಯತ್ತೆ. ನಾಲ್ಕು ಅಂಗಡಿ ರೇಟನ್ನ ಮೇಲಿಂದ ಕೆಳಗೆ ಹೋಲಿಸಿ ನೋಡೋ ಥರದ ಟೇಬಲ್ಲನ್ನೂ ಮುಟ್ಟಬೇಡಿ, ಪಟ್ಟಿ ಮಾಡಿದ್ರೆ ಹೋಲಿಸೋಕೇ ಆಗಲ್ಲ.

2. ಟೇಬಲ್ ಕ್ಲೀನ್ ಮಾಡೋದು (ಎಲ್ಲರೂ ಎಡವೋದು ಇಲ್ಲೇ)

Ctrl+Shift+8 ಒತ್ತಿ, ಕಾಣದೇ ಇರೋ ಗುರುತುಗಳೆಲ್ಲ ಕಾಣತ್ವೆ. ಪ್ರತಿ ಸೆಲ್ ಕೊನೆಗೆ ¤ ಇರತ್ತೆ, ಅದು ಇರಬೇಕಾದ್ದೇ. ಸೆಲ್ ಒಳಗೆ ¶ ಕಂಡ್ರೆ ಅಲ್ಲಿ ಯಾರೋ ಎಂಟರ್ ಒತ್ತಿದ್ದಾರೆ ಅಂತ ಅರ್ಥ. ನಮ್ಮ ಸೂಚನೆ ಕಾಲಮಲ್ಲಿ ಶ್ರವಣಬೆಳಗೊಳಕ್ಕೆ ಎರಡು ಸಾಲಿತ್ತು, "ಬರಿಗಾಲಲ್ಲಿ ಹತ್ತಬೇಕು" ಅಂತ ಒಂದು, ಎಂಟರ್ ಹೊಡೆದು "ಕಾಲುಚೀಲ ತನ್ನಿ" ಅಂತ ಇನ್ನೊಂದು. ವಿಂಧ್ಯಗಿರಿಗೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಬಿಸಿಲೇರಿದ ಮೇಲೆ ಕಲ್ಲು ಕಾಯ್ದಿರತ್ತೆ, ಹಾಗಾಗಿ ಈ ಎರಡನೇ ಸಾಲು ಕಳೆದುಹೋಗೋ ಹಾಗಿಲ್ಲ. ಆದ್ರೆ ಹಾಗೇ ಬಿಟ್ಟು ಟೇಬಲ್ ಒಡೆದ್ರೆ ಅದು ತನ್ನ ಸಾಲಿಂದ ಕಳಚ್ಕೊಂಡು ಹೊಸ ಪ್ಯಾರಾ ಆಗಿ ಅನಾಥವಾಗಿ ನಿಂತ್ಕೊಳತ್ತೆ.

ಹಾಗಾಗಿ ಟೇಬಲ್ ಪೂರ್ತಿ ಸೆಲೆಕ್ಟ್ ಮಾಡಿ, Ctrl+H, Find what ಜಾಗದಲ್ಲಿ `^p`, Replace with ಜಾಗದಲ್ಲಿ ಸೆಮಿಕೋಲನ್ ಹಾಕಿ ಒಂದು ಸ್ಪೇಸ್, ಆಮೇಲೆ Replace All. ಸೆಲ್ ಕೊನೆಯ ¤ಗೆ ಏನೂ ಆಗಲ್ಲ. ಮಿಕ್ಕಿದ ಡಾಕ್ಯುಮೆಂಟಲ್ಲೂ ಹುಡುಕಬೇಕಾ ಅಂತ ಕೇಳತ್ತೆ, No ಅನ್ನಿ, ಇಲ್ಲಾಂದ್ರೆ ಟೇಬಲ್ ಹೊರಗಿನ ಪ್ಯಾರಾಗಳೆಲ್ಲ ಒಂದಕ್ಕೊಂದು ಅಂಟ್ಕೊಂಡು ಮುದ್ದೆ ಆಗತ್ವೆ. ಕೆಲವರು Shift+Enter ಒತ್ತಿರ್ತಾರೆ, ಅದು ಬಗ್ಗಿದ ಬಾಣದ ಗುರುತಾಗಿ ಕಾಣತ್ತೆ, ಅದಕ್ಕೆ `^l` ಹಾಕಿ ಇದೇ ಥರ ಮಾಡಿ.

ಎರಡನೇ ತಲೆನೋವು ಮರ್ಜ್ ಮಾಡಿದ ಸೆಲ್. "ಶನಿವಾರ" ಅನ್ನೋದನ್ನ ಎರಡು ಸಾಲಿಗೆ ಸೇರಿಸಿ ನಡುವೆ ದೊಡ್ಡದಾಗಿ ಬರೆದಿರ್ತಾರೆ. ಕಣ್ಣಿಗೆ ಅದು ಎರಡೂ ಸಾಲಿನ ದಿನ, ವರ್ಡಿಗೆ ಮಾತ್ರ ಮೊದಲನೇ ಸಾಲಿಂದು. ಒಡೆದಾಗ ಎರಡನೇ ಸಾಲಿಗೆ ದಿನಾನೇ ಇರಲ್ಲ. ಆ ಸೆಲಲ್ಲಿ ಕರ್ಸರ್ ಇಟ್ಟು, ಟೇಬಲ್ಲಿನ Layout ಟ್ಯಾಬಲ್ಲಿ Split Cells ಒತ್ತಿ, ಕಾಲಂ 1, ರೋ 2 ಅಂತ ಕೊಡಿ, ಖಾಲಿ ಆದ ಸೆಲಲ್ಲಿ ಮತ್ತೆ "ಶನಿವಾರ" ಅಂತಲೇ ಬರೀರಿ. ಬೇಜಾರಿನ ಕೆಲಸ ನಿಜ, ಆದ್ರೆ ಬೇರೆ ದಾರಿ ಇಲ್ಲ. ಪಟ್ಟೀಲಿ ಪ್ರತಿ ಐಟಂ ಕೂಡ ತನ್ನ ದಿನವನ್ನ ತಾನೇ ಹೇಳ್ಕೋಬೇಕು, ಮೇಲೆ ನೋಡಿ ತಿಳ್ಕೊಳ್ಳೋಕೆ ಅಲ್ಲಿ ಕಾಲಂ ಇರಲ್ಲವಲ್ಲ.

ಮೂರನೇದು ಖಾಲಿ ಸೆಲ್. ಎಲ್ಲೆಲ್ಲಿ ಖಾಲಿ ಇದ್ಯೋ ಅಲ್ಲೆಲ್ಲ "ಇಲ್ಲ" ಅಂತ ತುಂಬಿ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗತ್ತೆ.

ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಆದ್ರೆ ಇದೆಲ್ಲಕ್ಕಿಂತ ಮೊದಲು ಯೂನಿಕೋಡಿಗೆ ಬದಲಾಯಿಸಿ. ಆ ಫಾಂಟ್ ಫೋನಲ್ಲಿ ಇರಲ್ಲ, ಎಷ್ಟು ಚೆಂದದ ಬುಲೆಟ್ ಹಾಕಿದ್ರೂ ಅಲ್ಲಿ ಕಾಣೋದು ವಿಚಿತ್ರ ಇಂಗ್ಲಿಷ್ ಅಕ್ಷರಗಳು. ಜೊತೆಗೆ ಅದರಲ್ಲಿ ಯಾವ ಚಿಹ್ನೆ ಯಾವ ಕನ್ನಡ ಅಕ್ಷರದ ತುಂಡಾಗಿ ಕೂತಿರತ್ತೋ, ಮುಂದೆ ನಾವು ಹಾಕೋ ಗೆರೆ ಅದರ ಜೊತೆ ಕಲಸಿಹೋಗಬಹುದು.

3. ಟೇಬಲ್ ಒಡೆಯೋದು

ಟೇಬಲ್ ಸೆಲೆಕ್ಟ್ ಮಾಡಿ, ಅದೇ Layout ಟ್ಯಾಬಿನ ಬಲ ತುದೀಲಿ Convert to Text. ಯಾವುದರಿಂದ ಬೇರೆ ಮಾಡಬೇಕು ಅಂತ ಕೇಳತ್ತೆ. ಕಾಮಾ ಬೇಡ, ನಮ್ಮ ಬರಹದಲ್ಲೇ ಕಾಮಾ ಇರತ್ತೆ. Paragraph marks ಕೊಟ್ರೆ ಯಾವ ಸಾಲು ಯಾವ ಊರಿಂದು ಅಂತ ಕೊನೆಗೆ ನೀವೇ ಹುಡುಕ್ತಾ ಕೂರ್ತೀರಿ. Other ಆರಿಸಿ ನೆಟ್ಟಗಿನ ಗೆರೆ `|` ಹಾಕಿ, ಟೇಬಲಲ್ಲಿ ಮೊದಲೇ ಆ ಗೆರೆ ಎಲ್ಲೂ ಇಲ್ಲ ಅಂತ ಒಮ್ಮೆ Ctrl+Fಲ್ಲಿ ನೋಡ್ಕೊಂಡಿರಿ. ಹೀಗೆ ಬರತ್ತೆ:

```
ಶನಿವಾರ|ಶ್ರವಣಬೆಳಗೊಳ|ಬೆಳಿಗ್ಗೆ 6:00|ದಾರೀಲಿ ತಿಂಡಿ|ಬರಿಗಾಲಲ್ಲಿ ಹತ್ತಬೇಕು; ಕಾಲುಚೀಲ ತನ್ನಿ
ಶನಿವಾರ|ಹಾಸನ|ಸಂಜೆ 4:30|ರಾತ್ರಿ ಊಟ|ಇಲ್ಲ
```

4. ಗೆರೆಗಳನ್ನ ಸಾಲು ಮಾಡೋದು

ಇಲ್ಲಿ ಹೆಚ್ಚಿನವರು ಒಂದೊಂದೇ ಗೆರೆ ಅಳಿಸಿ ಎಂಟರ್ ಹೊಡೀತಾ ಕೂರ್ತಾರೆ. ಐದು ಸಾಲಿಗೆ ಸರಿ, ಐವತ್ತಿದ್ರೆ? ಸೆಲೆಕ್ಷನ್ ಹಾಗೇ ಇಟ್ಕೊಂಡು Ctrl+H, ಅಲ್ಲಿ More ಒತ್ತಿ Use wildcards ಟಿಕ್ ಮಾಡಿ. Find whatಗೆ ಇದು:

```
([!^13|]@)|([!^13|]@)|([!^13|]@)|([!^13|]@)|([!^13|]@)^13
```

ನೋಡೋಕೆ ಭಯ ಆಗತ್ತೆ, ಆದ್ರೆ ಒಂದೇ ತುಂಡು ಐದು ಸಲ ಬಂದಿದೆ ಅಷ್ಟೇ. ಗೆರೆನೂ ಅಲ್ಲದ, ಸಾಲಿನ ಕೊನೆನೂ ಅಲ್ಲದ ಅಕ್ಷರಗಳನ್ನ ಒಂದು ಗುಂಪು ಮಾಡ್ಕೋ ಅಂತ ಅದರ ಅರ್ಥ. `^13` ಅಂದ್ರೆ ಸಾಲಿನ ಕೊನೆ. ವೈಲ್ಡ್‌ಕಾರ್ಡ್ ಟಿಕ್ ಆಗಿದ್ದಾಗ Find whatಲ್ಲಿ `^p` ಹಾಕಿದ್ರೆ ವರ್ಡ್ ಎರರ್ ಕೊಡತ್ತೆ, ಅದಕ್ಕೇ `^13`. ಆದ್ರೆ Replace withಲ್ಲಿ `^p`ನೇ ಹಾಕಬೇಕು, ಅದಲು ಬದಲು ಮಾಡ್ಬೇಡಿ. ನಿಮ್ಮದು ನಾಲ್ಕು ಕಾಲಂ ಆದ್ರೆ ಒಂದು ತುಂಡನ್ನ ಅದರ ಗೆರೆ ಸಮೇತ ತೆಗೀರಿ, Replace withಲ್ಲಿ `\5` ಇರೋ ಭಾಗವನ್ನೂ ತೆಗೀರಿ, ಒಂಬತ್ತರ ತನಕ ಹೋಗಬಹುದು. Replace withಗೆ:

```
##\2, \1^p\3ಕ್ಕೆ ಹೊರಡೋದು^pಊಟ: \4^pಗಮನಿಸಿ: \5^p
```

`\2` ಅಂದ್ರೆ ಎರಡನೇ ಕಾಲಂ, ಅಂದ್ರೆ ಸ್ಥಳ. ಅದನ್ನ ದಿನದ ಮುಂದೆ ತಂದಿದೀನಿ ನೋಡಿ, ಕಾಲಂ ಜಾಗ ಬದಲಾಯಿಸೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸಮಯಕ್ಕೆ "ಹೊರಡೋ ಸಮಯ:" ಅಂತ ಲೇಬಲ್ ಹಾಕಿಲ್ಲ, ಸೀದಾ ಮಾತಿನ ಥರ ಬರೆದಿದೀನಿ. ನನ್ನ ಮಾತು ಕೇಳಿ, ಎಲ್ಲ ಸಾಲಿಗೂ ಲೇಬಲ್ ಅಂಟಿಸ್ಬೇಡಿ, ಓದಿದ್ರೆ ಆಫೀಸಿನ ಫಾರಂ ಥರ ಆಗತ್ತೆ. ಮುಂದಿನ `##` ಹೆಡಿಂಗ್ ಯಾವುದು ಅಂತ ಗುರುತಿಗೆ.

Replace All ಆದ್ಮೇಲೆ ಎಷ್ಟು ಕಡೆ ಬದಲಾಯ್ತು ಅಂತ ವರ್ಡ್ ಹೇಳತ್ತೆ, ಅದು ನಿಮ್ಮ ಟೇಬಲ್ ಸಾಲಿನ ಲೆಕ್ಕಕ್ಕೆ ಸರಿ ಇದ್ಯಾ ನೋಡಿ. ನನಗೆ ಮೊದಲ ಸಲ 4 ಬರಬೇಕಾದಲ್ಲಿ 3 ಬಂತು, ಯಾಕಂದ್ರೆ ಒಂದು ಕಡೆ ಊಟದ ಸೆಲ್ ಖಾಲಿ ಬಿಟ್ಟಿದ್ದೆ. ಈ ಗುಂಪಿಗೆ ಕನಿಷ್ಠ ಒಂದು ಅಕ್ಷರ ಆದ್ರೂ ಬೇಕು, ಖಾಲಿ ಇದ್ರೆ ಆ ಸಾಲನ್ನ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗತ್ತೆ. "ಇಲ್ಲ" ತುಂಬಿ ಅಂದಿದ್ದು ಇದಕ್ಕೇ. ಆಮೇಲೆ `|` ಅಂತ ಒಂದು ಸಲ ಹುಡುಕಿ, ಎಲ್ಲಾದ್ರೂ ಸಿಕ್ರೆ ಆ ಸಾಲು ಬದಲಾಗಿಲ್ಲ.

ಈಗ ವೈಲ್ಡ್‌ಕಾರ್ಡ್ ಟಿಕ್ ತೆಗೆದು `ಗಮನಿಸಿ: ಇಲ್ಲ^p` ಹುಡುಕಿ, Replace with ಖಾಲಿ ಬಿಟ್ಟು ಎಲ್ಲ ಅಳಿಸಿ. `ಊಟ: ಇಲ್ಲ` ಮಾತ್ರ ನಾನು ಅಳಿಸಲ್ಲ, ಊಟ ಇಲ್ಲ ಅನ್ನೋದು ಗೊತ್ತಿರಬೇಕಾದ ವಿಷಯ.

5. ಬುಲೆಟ್ ಮತ್ತು ಹೆಡಿಂಗ್

ಪಟ್ಟಿ ಪೂರ್ತಿ ಸೆಲೆಕ್ಟ್ ಮಾಡಿ Ctrl+Shift+L, ಇದು List Bullet ಸ್ಟೈಲ್. ಮೇಲಿನ ಬುಲೆಟ್ ಬಟನ್ ಯಾಕೆ ಬೇಡ ಅಂದ್ರೆ, ಅದು ಹಾಕೋ ಚುಕ್ಕಿ ಹೆಡಿಂಗ್ ಮಾಡಿದ ಮೇಲೂ ಕೆಲವೊಮ್ಮೆ ಬಿಟ್ಟು ಹೋಗಲ್ಲ. ಕೀಬೋರ್ಡಿಂದ ಹೈಫನ್ನೋ ಚುಕ್ಕಿನೋ ನೀವೇ ಟೈಪ್ ಮಾಡೋದಂತೂ ಬೇಡವೇ ಬೇಡ, ಫೋನಲ್ಲಿ ಸಾಲು ಮಡಿಸಿದಾಗ ಎರಡನೇ ಸಾಲು ಚುಕ್ಕಿ ಕೆಳಗೇ ಬಂದು ಕೂರತ್ತೆ.

ಆಮೇಲೆ `##` ಇರೋ ಒಂದೊಂದು ಸಾಲಲ್ಲೂ ಕರ್ಸರ್ ಇಟ್ಟು Ctrl+Alt+3, ಅದು Heading 3. ಇದರಲ್ಲಿ ಒಂದು ಲಾಭ, ಹೆಡಿಂಗ್ ಪುಟದ ಕೊನೇಲಿ ಒಂಟಿಯಾಗಿ ಉಳಿಯಲ್ಲ, ಕೆಳಗಿನ ಸಾಲಿನ ಜೊತೆಗೇ ಮುಂದಿನ ಪುಟಕ್ಕೆ ಹೋಗತ್ತೆ. ಕೊನೆಗೆ `##` ಹುಡುಕಿ ಅಳಿಸಿ. ಸಿಕ್ಕಿದ್ದು ಇದು:

ಶ್ರವಣಬೆಳಗೊಳ, ಶನಿವಾರ
- ಬೆಳಿಗ್ಗೆ 6:00ಕ್ಕೆ ಹೊರಡೋದು
- ಊಟ: ದಾರೀಲಿ ತಿಂಡಿ
- ಗಮನಿಸಿ: ಬರಿಗಾಲಲ್ಲಿ ಹತ್ತಬೇಕು; ಕಾಲುಚೀಲ ತನ್ನಿ

6. ಕಳಿಸೋ ಮುಂಚೆ

ಪಟ್ಟಿ ಮಾಡಿ ಮತ್ತೆ ಎ4 ಪಿಡಿಎಫ್ ಮಾಡಿ ಕಳಿಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ, ಅಕ್ಷರ ಮತ್ತೆ ಇರುವೆನೇ. ವರ್ಡ್ ಫೈಲೇ ಕಳಿಸೋದಾದ್ರೆ ಫೋನಿನ ವರ್ಡ್ ಆ್ಯಪಲ್ಲಿ ಮೊಬೈಲ್ ವ್ಯೂ ಇದೆ, ಪರದೆಗೆ ತಕ್ಕ ಹಾಗೆ ಸಾಲು ಮಡಿಸತ್ತೆ. ಆದ್ರೆ ಎಲ್ಲರ ಹತ್ರ ಆ ಆ್ಯಪ್ ಇರಲ್ಲ, ಹಾಗಾಗಿ ನಾನು ಪುಟದ ಅಳತೆನೇ ಬದಲಾಯಿಸ್ತೀನಿ. ಮೇಲಿನ ಮುಖ್ಯ Layout ಟ್ಯಾಬಲ್ಲಿ Size, ಅದರ ಕೊನೇಲಿ More Paper Sizes, ಅಗಲ 10 ಸೆಂಟಿಮೀಟರ್, ಎತ್ತರ 18, ಮಾರ್ಜಿನ್ ನಾಲ್ಕೂ ಕಡೆ ಅರ್ಧ ಸೆಂಟಿಮೀಟರ್, ಅಕ್ಷರ 14 ಪಾಯಿಂಟ್. ಇದನ್ನ ಪಿಡಿಎಫ್ ಮಾಡಿದ್ರೆ ಫೋನಲ್ಲಿ ಹತ್ತಿರ ಹತ್ತಿರ 10 ಪಾಯಿಂಟಿನ ಹಾಗೆ ಕಾಣತ್ತೆ. ಟೇಬಲ್ ಸ್ಕ್ರೀನ್‌ಶಾಟ್ ಹೊಡೆದು ಕಳಿಸೋ ಶಾರ್ಟ್‌ಕಟ್ ಬೇಡ, ಅದನ್ನ ಹಿಗ್ಗಿಸಿದಷ್ಟೂ ಮಸುಕು.

ಮೊದಲು ನಿಮಗೆ ನೀವೇ ಕಳಿಸ್ಕೊಂಡು ಫೋನನ್ನ ನೆಟ್ಟಗೆ ಹಿಡಿದು ಓದಿ. ಬೆರಳಲ್ಲಿ ಹಿಗ್ಗಿಸೋ ಹಾಗಾದ್ರೆ ಅಕ್ಷರ 16ಕ್ಕೆ ಏರಿಸಿ. ನಮ್ಮ ಚಿಕ್ಕಪ್ಪನಿಗೆ 16ಕ್ಕೆ ಏರಿಸ್ದೆ, ಈಗ ಅವರು ಫೋನ್ ಮಾಡೋದು ಊಟದಲ್ಲಿ ಏನಿರತ್ತೆ ಅಂತ ಕೇಳೋಕೆ.