ಮೀಟರಿನ ಫೋಟೋ ಮತ್ತು 22 ರೂಪಾಯಿಯ ಜಗಳ

ಮುಂಬೈಯ ಫೋರ್ಟ್‌ನಲ್ಲಿ ನಮ್ಮ ಆಫೀಸು. ಅಕೌಂಟ್ಸ್‌ನಲ್ಲಿ ಕೂತು ಬಿಲ್ ಪಾಸ್ ಮಾಡುವುದು ನನ್ನ ಕೆಲಸ. ಹೊರಗೆ ಓಡಾಡುವ ಹುಡುಗರು ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿಯಲ್ಲಿ ಹೋಗಿ ಬರುತ್ತಾರೆ. ಆ ಟ್ಯಾಕ್ಸಿಯವರು ರಸೀದಿ ಕೊಡುವುದು ಕಡಿಮೆ. ಹಾಗಾಗಿ ಇಳಿಯುವ ಮುಂಚೆ ಮೀಟರಿನ ಫೋಟೋ ತೆಗೆದು ಬಿಲ್ಲಿಗೆ ಸೇರಿಸಿ ಅಂತ ನಾವೇ ನಿಯಮ ಮಾಡಿದ್ದೆವು. ಫೋಟೋ ಬರತೊಡಗಿತು. ಅದನ್ನು ನೋಡುವುದು ಹೇಗೆ ಅನ್ನೋದು ನನಗೇ ಗೊತ್ತಿರಲಿಲ್ಲ. ಫೋಟೋದಲ್ಲಿ ಇರುವ ದುಡ್ಡು, ಬಿಲ್ಲಿನಲ್ಲಿ ಬರೆದ ದುಡ್ಡು ಎರಡೂ ಒಂದೇನಾ? ಹೌದಾದರೆ ಟಿಕ್, ಇಲ್ಲದಿದ್ದರೆ ವಾಪಸ್. ಅಷ್ಟೇ.

2025ರ ಮಾರ್ಚ್‌ನಲ್ಲಿ ಒಂದು ಬಿಲ್ ಬಂತು. ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಮಾಟುಂಗಕ್ಕೆ 225 ರೂಪಾಯಿ. ಫೋಟೋದಲ್ಲಿ ಮೀಟರ್ ತೋರಿಸುತ್ತಿದ್ದದ್ದು 203. ಇಪ್ಪತ್ತೆರಡು ರೂಪಾಯಿ ಜಾಸ್ತಿ. ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಕಳಿಸಿದೆ. ಹುಡುಗ ಮುಖ ಊದಿಸಿಕೊಂಡು ಬಂದ. "ಸರ್, ಡ್ರೈವರ್ ಕಾರ್ಡ್ ತೋರಿಸಿದ. ಅದರಲ್ಲಿ ಇದ್ದಷ್ಟೇ ಕೊಟ್ಟೆ" ಅಂದ. ಕಾರ್ಡ್ ಅಂದರೆ ಏನು ಅಂತ ನನಗೆ ಹೊಳೆಯಲಿಲ್ಲ. ಇಪ್ಪತ್ತೆರಡು ರೂಪಾಯಿಗೆ ಸುಳ್ಳು ಹೇಳುವ ಹುಡುಗನೂ ಅಲ್ಲ. ಸರಿ, ಈ ಮೀಟರು ಲೆಕ್ಕ ಹಾಕೋದಾದರೂ ಹೇಗೆ ಅಂತ ನೋಡೋಣ ಅಂತ ಆವತ್ತು ಸಂಜೆ ಕೂತೆ.

ಆಗಿನ ದರ ಹೀಗಿತ್ತು. 2025ರ ಫೆಬ್ರವರಿ 1ರಿಂದ ಮಾಮೂಲಿ ಟ್ಯಾಕ್ಸಿಗೆ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಆಮೇಲೆ ಕಿಲೋಮೀಟರಿಗೆ 20.66. ನಿಂತ ಪ್ರತಿ ನಿಮಿಷಕ್ಕೆ ಕಿಲೋಮೀಟರ್ ದರದ ಶೇ. 10, ಅಂದರೆ ಸುಮಾರು 2 ರೂಪಾಯಿ 7 ಪೈಸೆ. ಮಧ್ಯರಾತ್ರಿ 12ರಿಂದ ಬೆಳಗ್ಗೆ 5ರವರೆಗೆ ಒಟ್ಟು ಮೊತ್ತದ ಮೇಲೆ ಕಾಲು ಭಾಗ ಜಾಸ್ತಿ. ಎಸಿ ಇರುವ ಕೂಲ್ ಕ್ಯಾಬ್‌ಗೆ ದರವೇ ಬೇರೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಫೋಟೋದಲ್ಲಿ ದುಡ್ಡು ಒಂದೇ ಅಲ್ಲ, ಇನ್ನೆರಡು ಅಂಕಿ ಇರುತ್ತವೆ: ಓಡಿದ ಕಿಲೋಮೀಟರ್ ಮತ್ತು ವೇಟಿಂಗ್ ನಿಮಿಷ. ನಮಗೆ ಬರುವ ಫೋಟೋಗಳಲ್ಲಿ ಕೆಲವು ಮೀಟರುಗಳು ಮೂರನ್ನೂ ಒಟ್ಟಿಗೆ ತೋರಿಸುತ್ತವೆ. ಕೆಲವು ಒಂದಾದ ಮೇಲೆ ಒಂದು ತೋರಿಸುತ್ತವೆ, ಅಲ್ಲಿ ಎರಡು ಮೂರು ಫೋಟೋ ಬೇಕು. ಆ ಹುಡುಗನ ಫೋಟೋದಲ್ಲಿ ಅದೃಷ್ಟಕ್ಕೆ ಮೂರೂ ಇದ್ದವು: 203, 9.8, 11.

ಲೆಕ್ಕ ಹಾಕಿದೆ. 9.8ರಲ್ಲಿ ಮೊದಲ ಒಂದೂವರೆ ಕಳೆದರೆ 8.3 ಕಿಲೋಮೀಟರ್. ಅದನ್ನು 20.66ರಿಂದ ಗುಣಿಸಿದರೆ 171 ರೂಪಾಯಿ 48 ಪೈಸೆ. ಅದಕ್ಕೆ 31 ಸೇರಿಸಿದರೆ 202.48. ಹನ್ನೊಂದು ನಿಮಿಷದ ವೇಟಿಂಗ್‌ಗೆ 22.73. ಒಟ್ಟು 225 ರೂಪಾಯಿ 21 ಪೈಸೆ.

ನೋಡಿದರೆ ನನ್ನ ಲೆಕ್ಕ ಹುಡುಗನ ಬಿಲ್ಲಿಗೆ ಸರಿಹೋಯಿತು, ಮೀಟರಿಗೆ ಹೋಗಲಿಲ್ಲ! ಒಂದು ಗಳಿಗೆ, ವೇಟಿಂಗ್ ದುಡ್ಡನ್ನು ಮೀಟರ್ ಸೇರಿಸಿಲ್ಲ ಅಂದುಕೊಂಡೆ. ವೇಟಿಂಗ್ ಬಿಟ್ಟರೆ 202.48, ಮೀಟರಿನಲ್ಲಿ 203. ಹತ್ತಿರವೇ ಇದೆ ಅಲ್ವಾ? ಇಲ್ಲಿ ನಾನು ನಿಲ್ಲಿಸಿದ್ದರೆ ತಪ್ಪು ಕಾರಣ ಹಿಡಿದುಕೊಂಡು ಖುಷಿಯಾಗಿ ಮನೆಗೆ ಹೋಗುತ್ತಿದ್ದೆ. ಮೀಟರ್ ವೇಟಿಂಗ್ ನಿಮಿಷ ಎಣಿಸಿ ದುಡ್ಡು ಮಾತ್ರ ಬಿಡುವುದು ಯಾಕೋ ಸರಿ ಕಾಣಲಿಲ್ಲ.

ಆಮೇಲೆ ಹಳೇ ದರ ಹಾಕಿ ನೋಡಿದೆ. 2022ರ ಅಕ್ಟೋಬರಿನಿಂದ ಇದ್ದದ್ದು 28 ರೂಪಾಯಿ, ಕಿಲೋಮೀಟರಿಗೆ 18.66. ಅದರ ಪ್ರಕಾರ ಓಡಿದ್ದಕ್ಕೆ 182.88, ವೇಟಿಂಗ್‌ಗೆ 20.53. ಒಟ್ಟು 203 ರೂಪಾಯಿ 41 ಪೈಸೆ. ಮೀಟರ್ ಪೂರ್ತಿ ರೂಪಾಯಿಯಲ್ಲಿ ತೋರಿಸುತ್ತದೆ, ಹಾಗಾಗಿ 203. ಹುಡುಗ ಹೇಳಿದ ಕಾರ್ಡ್ ಆಗ ಅರ್ಥವಾಯಿತು. ದರ ಏರಿದ ದಿನವೇ ಸಾವಿರಾರು ಮೀಟರುಗಳಿಗೆ ಹೊಸ ದರ ತುಂಬಿಸಲು ಆಗುವುದಿಲ್ಲ. ಅಲ್ಲಿಯವರೆಗೆ ಮೀಟರು ಹಳೇ ದರವನ್ನೇ ತೋರಿಸುತ್ತದೆ. ಡ್ರೈವರ್ ಆ ಕಾರ್ಡಿನಲ್ಲಿರುವ ದರಪಟ್ಟಿಯಲ್ಲಿ ಅದಕ್ಕೆ ಸರಿಯಾದ ಹೊಸ ಮೊತ್ತ ನೋಡಿ ಕೇಳುತ್ತಾನೆ. ಮೀಟರೂ ಸರಿ, ಬಿಲ್ಲೂ ಸರಿ, ತಪ್ಪು ನನ್ನ ಕೆಂಪು ಪೆನ್ನಿನದು. ಮಾರನೇ ದಿನ ಹುಡುಗನಿಗೆ ಚಹಾ ಕುಡಿಸಿದೆ.

ಈ ಘಟನೆಯಿಂದ ಒಂದು ಅಭ್ಯಾಸ ಬಂತು. ಎಷ್ಟು ರೂಪಾಯಿ ಹೆಚ್ಚುಕಡಿಮೆ ಅಂತ ಕಳೆದು ನೋಡುವುದನ್ನು ಬಿಟ್ಟೆ. ಭಾಗಿಸಿ ನೋಡುತ್ತೇನೆ. ದರ ಏರಿದ ಆ ತಿಂಗಳುಗಳಲ್ಲಿ ಬಿಲ್ಲಿನ ಮೊತ್ತವನ್ನು ಮೀಟರಿನ ಮೊತ್ತದಿಂದ ಭಾಗಿಸಿದಾಗ 1.107ರ ಆಸುಪಾಸು ಬಂದರೆ ಹಳೇ ಮೀಟರ್, ಹೊಸ ಕಾರ್ಡ್ ಅಂತ ಅರ್ಥವಾಗಿತ್ತು. 31ನ್ನು 28ರಿಂದ ಭಾಗಿಸಿದರೂ ಅಷ್ಟೇ ಬರುತ್ತದೆ. ಮೂರು ದರವೂ ಒಂದೇ ಪ್ರಮಾಣದಲ್ಲಿ ಏರಿದ್ದರಿಂದ ದಾರಿ ಉದ್ದವಿರಲಿ ಗಿಡ್ಡವಿರಲಿ, ಆ ಅಂಕಿ ಬದಲಾಗುವುದಿಲ್ಲ. ಹಾಗೇ ಮೀಟರಿನ ಮೊತ್ತವನ್ನು ನನ್ನ ಲೆಕ್ಕದಿಂದ ಭಾಗಿಸಿದಾಗ 1.25 ಬಂದರೆ ಅದು ರಾತ್ರಿಯ ದರ. ಒಬ್ಬರು ಸಂಜೆ ಮೀಟಿಂಗ್ ಅಂತ ಬರೆದ ಬಿಲ್ಲಿನಲ್ಲಿ ನಿಖರವಾಗಿ 1.25 ಬಂದಿತ್ತು. ಫೋಟೋದ ಸಮಯ ನೋಡಿದರೆ ರಾತ್ರಿ 12 ಗಂಟೆ 40 ನಿಮಿಷ. ಮೀಟಿಂಗ್ ಸಂಜೆಯೇ, ವಾಪಸ್ ಬಂದದ್ದು ಮಧ್ಯರಾತ್ರಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಈ ಸಮಯದ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಇದನ್ನು ಎಲ್ಲರಿಗೂ ಹೇಳಿಟ್ಟಿದ್ದೇನೆ, ಅರ್ಧ ಜನ ಮಾತ್ರ ಕೇಳುತ್ತಾರೆ.

ಈಗ ಎಕ್ಸೆಲ್‌ನಲ್ಲಿ ಒಂದು ಸಾಲು ಇದೆ. ಬಿ ಕಾಲಮ್ಮಿನಲ್ಲಿ ಕಿಲೋಮೀಟರ್, ಸಿ ಕಾಲಮ್ಮಿನಲ್ಲಿ ವೇಟಿಂಗ್ ನಿಮಿಷ:

```
=ROUND(31+MAX(0,B2-1.5)*20.66+C2*2.066,0)
```

ಒಂದೆರಡು ರೂಪಾಯಿ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕಿಲೋಮೀಟರನ್ನು ಮೀಟರ್ ಒಂದೇ ದಶಾಂಶದಲ್ಲಿ ತೋರಿಸಿದರೆ ಅಲ್ಲೇ ಒಂದು ರೂಪಾಯಿ ಹೋಗುತ್ತದೆ. ಇನ್ನೊಂದು ವಿಷಯ ಗಮನಿಸಿದ್ದೇನೆ. ಟ್ರಾಫಿಕ್‌ನಲ್ಲಿ ತೆವಳಿದ ದಿನ ನನ್ನ ಲೆಕ್ಕವೇ ಮೀಟರಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಮೀಟರು ಒಂದು ಹೊತ್ತಿಗೆ ದೂರಕ್ಕೋ ಸಮಯಕ್ಕೋ ಒಂದಕ್ಕೆ ಮಾತ್ರ ದುಡ್ಡು ಏರಿಸುತ್ತದೆ. ಒಂದು ನಿಮಿಷದ ವೇಟಿಂಗ್ ಅಂದರೆ ನೂರು ಮೀಟರ್ ಓಡಿದಷ್ಟೇ ದುಡ್ಡು. ನಿಮಿಷಕ್ಕೆ ನೂರು ಮೀಟರ್ ಅಂದರೆ ಗಂಟೆಗೆ 6 ಕಿಲೋಮೀಟರ್, ಬಿರುಸಾಗಿ ನಡೆಯುವವನ ವೇಗ. ಅದಕ್ಕಿಂತ ನಿಧಾನ ತೆವಳುವಾಗ ಸಮಯ ಲೆಕ್ಕಕ್ಕೆ ಬಂದರೆ, ಆ ತೆವಳಿದ ದೂರ ಕಿಲೋಮೀಟರಿನ ಅಂಕಿಯಲ್ಲಿ ಇದ್ದರೂ ಅದಕ್ಕೆ ದುಡ್ಡು ಬಿದ್ದಿರುವುದಿಲ್ಲ. ನನ್ನ ಸಾಲು ಎರಡಕ್ಕೂ ದುಡ್ಡು ಹಾಕುತ್ತದೆ. ಹಾಗಾಗಿ ನನ್ನ ಲೆಕ್ಕಕ್ಕಿಂತ ಮೀಟರು ನಾಲ್ಕೈದು ರೂಪಾಯಿ ಕಡಿಮೆ ಇದ್ದರೆ ಸುಮ್ಮನಿರುತ್ತೇನೆ. ಜಾಸ್ತಿ ಇದ್ದರೆ ಫೋಟೋವನ್ನು ಮತ್ತೊಮ್ಮೆ ನೋಡುತ್ತೇನೆ.

ಮತ್ತೊಮ್ಮೆ ನೋಡುವುದು ಅಂದರೆ ಅಂಕಿ ಸರಿಯಾಗಿ ಓದಿದೆನಾ ಅಂತ. ನಿಜವಾದ ತಲೆನೋವು ಇಲ್ಲೇ. ಮೀಟರಿನ ಕೆಂಪು ಅಂಕಿ ಏಳು ಗೀಟುಗಳಿಂದ ಆಗಿರುತ್ತದೆ. ಎಡಗಡೆ ಮೇಲಿನ ಒಂದು ಗೀಟು ಕೆಟ್ಟರೆ 9 ಹೋಗಿ 3 ಆಗುತ್ತದೆ. ನಡುವಿನದು ಕೆಟ್ಟರೆ 8 ಹೋಗಿ 0. ಬಿಸಿಲಿನಲ್ಲಿ ಚುಕ್ಕೆ ಕಾಣುವುದೇ ಇಲ್ಲ, 9.8 ನೋಡಿದರೆ 98. ಇದಕ್ಕಿಂತ ವಿಚಿತ್ರ ಏನೆಂದರೆ, ಎಷ್ಟೋ ಮೀಟರುಗಳಲ್ಲಿ ಎಲ್ಲ ಅಂಕಿಗಳೂ ಒಟ್ಟಿಗೆ ಉರಿಯುವುದಿಲ್ಲ. ಒಂದಾದ ಮೇಲೆ ಒಂದು, ಕಣ್ಣಿಗೆ ಗೊತ್ತಾಗದಷ್ಟು ಬೇಗ ಹತ್ತಿ ಆರುತ್ತವೆ. ಹಗಲು ಬೆಳಕಿನಲ್ಲಿ ಫೋನಿನ ಕ್ಯಾಮೆರಾ ಚಕ್ಕನೆ ಕ್ಲಿಕ್ ಮಾಡಿದರೆ ಆ ಗಳಿಗೆಯಲ್ಲಿ ಉರಿಯುತ್ತಿದ್ದ ಅಂಕಿ ಮಾತ್ರ ಸಿಗುತ್ತದೆ. 225 ಇದ್ದದ್ದು ಫೋಟೋದಲ್ಲಿ ಬರೀ 25. ಒಬ್ಬರಿಗೆ ನಾನು ಹೀಗೆ ಇನ್ನೂರು ರೂಪಾಯಿ ಕತ್ತರಿಸಿ ಬೈಸಿಕೊಂಡಿದ್ದೇನೆ. ಈಗ ಹುಡುಗರಿಗೆ ಕೈಯಿಂದ ಮೀಟರಿಗೆ ನೆರಳು ಮಾಡಿ, ಮೂರು ನಾಲ್ಕು ಫೋಟೋ ತೆಗೆಯಿರಿ ಅಂತ ಹೇಳಿದ್ದೇನೆ. ನೆರಳಿದ್ದರೆ ಕ್ಯಾಮೆರಾ ಸ್ವಲ್ಪ ಹೆಚ್ಚು ಹೊತ್ತು ತೆರೆದಿರುತ್ತದೆ, ಎಲ್ಲ ಅಂಕಿಯೂ ಬೀಳುತ್ತವೆ.

ಕಿಲೋಮೀಟರ್ ಅಂಕಿ ಅನುಮಾನವಿದ್ದರೆ ಹಿಂದಿನಿಂದ ಲೆಕ್ಕ ಹಾಕುತ್ತೇನೆ. ಹೊಸ ದರ ತುಂಬಿದ ಮೀಟರಿನಲ್ಲಿ 225, ವೇಟಿಂಗ್ 11 ನಿಮಿಷ, ಕಿಲೋಮೀಟರ್ ಮಾತ್ರ 3.8 ಅಂತ ಕಂಡಿತು ಅನ್ನಿ. 225ರಲ್ಲಿ 31 ಮತ್ತು ವೇಟಿಂಗ್‌ನ 22.73 ಕಳೆದರೆ 171.27. ಅದನ್ನು 20.66ರಿಂದ ಭಾಗಿಸಿ ಒಂದೂವರೆ ಸೇರಿಸಿದರೆ 9.79. ಹಾಗಾದರೆ ಫೋಟೋದಲ್ಲಿ ಕಾಣುವ 3.8 ನಿಜವಾಗಿ 9.8.

ಇಷ್ಟೆಲ್ಲ ಮಾಡಿದರೂ ಒಂದು ಮೋಸ ಈ ಲೆಕ್ಕಕ್ಕೆ ಸಿಗುವುದಿಲ್ಲ. ಒಮ್ಮೆ ಫೋರ್ಟ್‌ನಿಂದ ದಾದರ್ ಟಿ.ಟಿ.ಗೆ ಹೋದ ಬಿಲ್ ಬಂತು. ಮೀಟರಿನಲ್ಲಿ 246 ರೂಪಾಯಿ, 11.3 ಕಿಲೋಮೀಟರ್, 6 ನಿಮಿಷ. ನನ್ನ ಸಾಲಿನಲ್ಲೂ 246. ಎಲ್ಲ ಸರಿ, ಟಿಕ್ ಹಾಕುವವನಿದ್ದೆ. ಆದರೆ ಆ ದಾರಿ ನನಗೆ ಗೊತ್ತು, ಮ್ಯಾಪಿನಲ್ಲಿ 9ರ ಹತ್ತಿರ. ಹೋದವರನ್ನು ಕೇಳಿದೆ. "ಬೈಕುಲ್ಲಾ, ಪರೇಲ್ ಮೇಲೆ ನೆಟ್ಟಗೆ ಹೋದೆವು ಸರ್, ಎಲ್ಲೂ ಸುತ್ತಲಿಲ್ಲ" ಅಂದರು. 9 ಕಿಲೋಮೀಟರಿಗೆ 198 ಆಗಬೇಕಿತ್ತು. ಮೀಟರು ಗುಣಾಕಾರ ಸರಿಯಾಗೇ ಮಾಡಿದೆ, ಅದಕ್ಕೆ ಕೊಟ್ಟ ದೂರವೇ ಉಬ್ಬಿತ್ತು. ಟೈರ್ ಸವೆದಿದ್ದರೆ ಚಕ್ರ ಸ್ವಲ್ಪ ಹೆಚ್ಚು ಸುತ್ತುತ್ತದೆ, ದೂರ ತುಸು ಜಾಸ್ತಿ ತೋರಿಸುತ್ತದೆ. ಅದು ನೂರಕ್ಕೆ ಒಂದೋ ಎರಡೋ. ನೂರಕ್ಕೆ ಇಪ್ಪತ್ತೈದು ಟೈರಿನಿಂದ ಆಗುವುದಲ್ಲ.

ದುಡ್ಡು ಕೊಟ್ಟಾಗಿತ್ತು, ಬಿಲ್ ಪಾಸ್ ಮಾಡಿದೆ. ಟ್ಯಾಕ್ಸಿ ನಂಬರ್ ಮಾತ್ರ ಫೋಟೋದಲ್ಲಿ ಇರಲಿಲ್ಲ, ದೂರು ಕೊಡಲೂ ಆಗಲಿಲ್ಲ. ಆವತ್ತಿನಿಂದ ಬಿಲ್ಲಿಗೆ ಎರಡು ಫೋಟೋ ಬೇಕು: ಒಂದು ಮೀಟರಿನದು, ಇನ್ನೊಂದು ಇಳಿದ ಮೇಲೆ ಹಿಂದಿನ ನಂಬರ್ ಪ್ಲೇಟಿನದು. ಎಕ್ಸೆಲ್‌ನಲ್ಲೂ ಮ್ಯಾಪಿನ ದೂರಕ್ಕೆ ಅಂತ ಡಿ ಕಾಲಮ್ ಸೇರಿಸಿದ್ದೇನೆ.