ಅಮ್ಮನ ಹೆಬ್ಬೆಟ್ಟು ಮತ್ತು ಒಂದು ಅಫಿಡವಿಟ್: ನನ್ನ ಅನುಭವ

ಅಪ್ಪ ತೀರ್ಕೊಂಡು ಎಂಟು ತಿಂಗಳಾದ್ಮೇಲೆ, ಅವರ ಹೆಸರಲ್ಲಿದ್ದ ಹೊಲಾನ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸೋಣ ಅಂತ ಊರಿಗೆ ಹೋದೆ. ನಾಡಕಚೇರಿಲಿ ವಂಶವೃಕ್ಷ ತಗೊಂಡ್ ಬನ್ನಿ ಅಂದ್ರು, ವಂಶವೃಕ್ಷಕ್ಕೆ ಅರ್ಜಿ ಹಾಕ್ಬೇಕು ಅಂದ್ರೆ ನೋಟರಿ ಮಾಡಿಸಿದ ಅಫಿಡವಿಟ್ ಬೇಕು ಅಂದ್ರು, ಅದರ ಮೇಲೆ ಇನ್ನೊಂದು ತಕರಾರು, ಪಹಣಿಲಿ ಅಪ್ಪನ ಹೆಸರು ಸಿದ್ದಪ್ಪ ಬಿನ್ ರುದ್ರಪ್ಪ, ಆಧಾರಲ್ಲೂ ಮರಣದ ಸರ್ಟಿಫಿಕೇಟಲ್ಲೂ ಸಿದ್ದಲಿಂಗಪ್ಪ. ಇಬ್ರೂ ಒಬ್ರೇ ಅಂತ ಅದೇ ಅಫಿಡವಿಟಲ್ಲಿ ಬರೆಸಿ ಅಂತ ಹೇಳಿ ಕಳಿಸಿದ್ರು.

ಕೋರ್ಟ್ ಹತ್ರ ಇರೋ ಟೈಪಿಂಗ್ ಅಂಗಡಿಗೆ ಹೋದೆ. ಅವನ ಕಂಪ್ಯೂಟರಲ್ಲಿ ಎಲ್ಲಾ ರೆಡಿ ಇರುತ್ತೆ, ಹಿಂದಿನ ಗಿರಾಕಿ ಹೆಸರು ಅಳಿಸಿ ನಮ್ಮ ಹೆಸರು ಹಾಕೋದು ಅಷ್ಟೆ. ಐದು ನಿಮಿಷದಲ್ಲಿ ಪ್ರಿಂಟ್ ಕೊಟ್ಟು, 'ಅಮ್ಮನ ಹೆಬ್ಬೆಟ್ಟು ಒತ್ತಿಸ್ಕೊಂಡ್ ಬನ್ನಿ ಸಾರ್, ನೋಟರಿ ನಾನೇ ಮಾಡಿಸ್ಕೊಡ್ತೀನಿ, ಅವರು ಬರೋದೇನ್ ಬೇಡ' ಅಂದ. ನಾನೂ ಬೆಂಗಳೂರಲ್ಲಿ ಗ್ಯಾಸ್ ಕನೆಕ್ಷನ್‌ಗೆ ಅಂತ ಒಂದ್ಸಲ ಹಿಂಗೇ ಮಾಡಿಸಿದ್ದೆ, ನೋಟರಿ ಮುಖಾನೇ ನೋಡಿರ್ಲಿಲ್ಲ, ಹಾಗಾಗಿ ಏನೂ ಅನಿಸ್ಲಿಲ್ಲ, ಪೇಪರು ಇಂಕ್ ಪ್ಯಾಡು ತಗೊಂಡು ಮನೆಗೆ ಬಂದೆ.

ಅಮ್ಮಂಗೆ ಓದೋಕೆ ಬರಲ್ಲ. 'ಏನ್ ಬರ್ದೈತೆ ಓದು ಮಗ' ಅಂದ್ರು. ಓದ್ತಾ ಹೋದೆ, ಮೂರನೇ ಪ್ಯಾರಾದಲ್ಲಿ ವಾರಸುದಾರರ ಪಟ್ಟಿ, ಹೆಂಡತಿ, ನಾನು, ನನ್ನ ತಮ್ಮ, ಆಮೇಲೆ 'ಮೇಲ್ಕಂಡವರನ್ನು ಹೊರತುಪಡಿಸಿ ಮೃತರಿಗೆ ಬೇರೆ ಯಾವುದೇ ವಾರಸುದಾರರು ಇರುವುದಿಲ್ಲ'. ಅಮ್ಮ ಅಡಿಕೆ ಕತ್ತರಿಸ್ತಾ ಇದ್ದೋರು ಕೈ ನಿಲ್ಲಿಸಿ, 'ಹಂಗಾದ್ರೆ ನಾಗು, ಮಂಜಿ ಯಾರ್ ಮಕ್ಳು?' ಅಂದ್ರು.

ನನ್ನ ಇಬ್ರು ಅಕ್ಕಂದಿರು. ಮದುವೆ ಆಗಿ ಇಪ್ಪತ್ತು ವರ್ಷ ಆಗಿದೆ. ಟೈಪ್ ಮಾಡೋನಿಗೆ ಫೋನ್ ಮಾಡಿದ್ರೆ, 'ಮದುವೆ ಆಗಿರೋ ಹೆಣ್ಮಕ್ಕಳ ಹೆಸರು ಜಾಸ್ತಿ ಜನ ಹಾಕ್ಸಲ್ಲ ಸಾರ್, ಆಮೇಲೆ ಅವರ ಸೈನ್ ಅದೂ ಇದೂ ಅಂತ ಓಡಾಟ' ಅಂತಾನೆ. ಅವನು ಕೇಳಿದ್ದು 'ಗಂಡ್ಮಕ್ಕಳು ಎಷ್ಟು ಜನ' ಅಂತ ಮಾತ್ರ, ನಾನು ಇಬ್ರು ಅಂದಿದ್ದೆ. ತಪ್ಪು ನಂದೂ ಇದೆ, ಓದದೆ ತಂದಿದ್ದೆ.

ಇಲ್ಲಿಂದ ನನಗೆ ಈ ಪದದ ಮೇಲೇ ಗಮನ ಹೋಯ್ತು. ಅಫಿಡವಿಟ್ ಅನ್ನೋದು ಲ್ಯಾಟಿನ್ ಪದ, ಅದರ ಅರ್ಥ 'ಆಣೆ ಇಟ್ಟು ಹೇಳಿದ್ದಾನೆ' ಅಂತ. ಹೆಸರಲ್ಲೇ ಕ್ರಿಯಾಪದ ಇದೆ, ಮುಗಿದು ಹೋದ ಕೆಲಸ ಇದೆ. ಕನ್ನಡದಲ್ಲಿ ಇದನ್ನ ಪ್ರಮಾಣ ಪತ್ರ ಅಂತಾರೆ, ಆದ್ರೆ ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಅಂತ ಸರ್ಟಿಫಿಕೇಟಿಗೂ ಅದೇ ಪದ ಇರೋದ್ರಿಂದ ಎಲ್ಲಾ ಕಲಸಿಹೋಗಿದೆ. ಸರ್ಟಿಫಿಕೇಟಲ್ಲಿ ಸರ್ಕಾರ ನಮ್ಮ ಬಗ್ಗೆ ಹೇಳುತ್ತೆ. ಅಫಿಡವಿಟಲ್ಲಿ ನಾವು ಸರ್ಕಾರಕ್ಕೆ ಹೇಳ್ತೀವಿ, ಅದೂ ಪ್ರಮಾಣ ಮಾಡಿ. ಶಪಥಪತ್ರ ಅಂತ ಕೆಲವು ಕಡೆ ಬರೀತಾರಲ್ಲ, ನನಗೆ ಅದೇ ಸರಿ ಅನಿಸುತ್ತೆ, ಪೌರಾಣಿಕ ನಾಟಕದ ಹೆಸರಿನ ಥರ ಕೇಳಿದ್ರೂ ಪರವಾಗಿಲ್ಲ.

ಅಮ್ಮಂಗೆ ಇದು ಆಣೆ ಇಟ್ಟ ಹಾಗೆ ಅಂತ ಹೇಳಿದ್ದೇ ತಡ ಗಾಬರಿ ಆದ್ರು. ಆಣೆ ಗೀಣೆ ಎಲ್ಲ ಇಡಬಾರ್ದು, ನಮ್ಮ ಮನೇಲಿ ಯಾರೂ ಇಟ್ಟಿಲ್ಲ ಅಂತ ಒಂದೇ ಹಟ. ಪರಿಚಯದ ವಕೀಲರು ಒಬ್ರು ಅದಕ್ಕೆ ದಾರಿ ಇದೆ ಅಂತ ಹೇಳಿದ್ರು. 1969ರ ಪ್ರಮಾಣ ವಚನ ಕಾಯ್ದೆಲಿ ಎರಡು ಥರ ಇದೆಯಂತೆ, ದೇವರ ಹೆಸರಲ್ಲಿ ಪ್ರಮಾಣ ಮಾಡೋದು ಒಂದು, ದೇವರ ಹೆಸರು ತೆಗೀದೆ ಸತ್ಯನಿಷ್ಠೆಯಿಂದ ದೃಢೀಕರಿಸ್ತೀನಿ ಅನ್ನೋದು ಇನ್ನೊಂದು, ಎರಡಕ್ಕೂ ಕಾನೂನಲ್ಲಿ ಒಂದೇ ಬೆಲೆ. ಅಮ್ಮ ಎರಡನೇದಕ್ಕೆ ಒಪ್ಪಿದ್ರು. ಸುಳ್ಳು ಹೇಳಿದ್ರೂ ಎರಡಕ್ಕೂ ಒಂದೇ ಗತಿ, ಮೊದಲು ಐಪಿಸಿ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಗೊತ್ತಿದ್ದೂ ಸುಳ್ಳು ಪ್ರಮಾಣ ಮಾಡಿದ್ರೆ ಕೋರ್ಟಿನ ಹೊರಗಿನ ವಿಷಯಕ್ಕೂ ಮೂರು ವರ್ಷದವರೆಗೆ ಜೈಲು ಇದೆ. ಟೈಪ್ ಮಾಡ್ದೋನಿಗೆ ಅಲ್ಲ, ಹೆಬ್ಬೆಟ್ಟು ಒತ್ತಿದೋರಿಗೆ.

ಅಕ್ಕಂದಿರ ವಿಷಯನೂ ವಕೀಲರು ಬಿಡಿಸಿ ಹೇಳಿದ್ರು. ಮಗಳು ಮದುವೆ ಆದ್ರೂ ವಾರಸುದಾರಳೇ, ಅವಳಿಗೆ ಪಾಲು ಬೇಡ ಅಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸ್ಬೇಕು, ವಂಶವೃಕ್ಷದಲ್ಲಿ ಹೆಸರೇ ಬಿಟ್ಟುಬಿಡೋದು ಅದಕ್ಕೆ ಬದಲಿ ಅಲ್ಲ. 'ಬೇರೆ ಯಾರೂ ಇರುವುದಿಲ್ಲ' ಅನ್ನೋ ಒಂದು ವಾಕ್ಯ ಇದೆಯಲ್ಲ, ಇಡೀ ಅಫಿಡವಿಟಲ್ಲಿ ಭಾರ ಇರೋದು ಅದರ ಮೇಲೇನೇ. ಇದ್ದೋರ ಹೆಸರು ಹೇಳೋದು ಸುಲಭ, ಇನ್ಯಾರೂ ಇಲ್ಲ ಅಂತ ಹೇಳೋದಿದೆ ನೋಡಿ, ಅಲ್ಲೇ ಜನ ಸಿಕ್ಕಿಹಾಕ್ಕೊಳೋದು.

ಸರಿ ಅಂತ ಹೊಸದಾಗಿ ನಾನೇ ಕೂತು ಬರೆದೆ, ಕನ್ನಡದಲ್ಲೇ. ಶುರು ಮಾತ್ರ ಎಲ್ಲರೂ ಬರೆಯೋ ಥರ, ನಾನು ಅಂದರೆ ಇಂಥವರು, ಕೋಂ ಲೇಟ್ ಸಿದ್ದಲಿಂಗಪ್ಪ, ವಯಸ್ಸು ಇಷ್ಟು, ವಾಸ ಇಂಥ ಕಡೆ, ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ. ಆಮೇಲೆ ನಂಬರ್ ಹಾಕಿದ ಪ್ಯಾರಾಗಳು, ಒಂದು ಪ್ಯಾರಾಕ್ಕೆ ಒಂದೇ ವಿಷಯ. ಇಲ್ಲಿ ವಕೀಲರು ಹೇಳಿದ ಒಂದು ಮಾತು ತುಂಬಾ ಉಪಯೋಗಕ್ಕೆ ಬಂತು, ಅಮ್ಮಂಗೆ ಸ್ವಂತ ಗೊತ್ತಿರೋದು ಯಾವುದು, ಕಾಗದ ನೋಡಿ ಹೇಳ್ತಿರೋದು ಯಾವುದು ಅಂತ ಬೇರೆ ಬೇರೆ ಮಾಡಿ. ಗಂಡನ್ನ ಊರಲ್ಲಿ ಎಲ್ಲರೂ ಸಿದ್ದಪ್ಪ ಅಂತಿದ್ರು, ಶಾಲೆಲಿ ಬರೆಸಿದ ಹೆಸರು ಸಿದ್ದಲಿಂಗಪ್ಪ, ಇಬ್ರೂ ಒಬ್ರೇ, ಇದು ಮದುವೆ ಆದಾಗಿಂದ ಅಮ್ಮಂಗೆ ಖುದ್ದು ಗೊತ್ತು. ಮಕ್ಕಳು ಎಷ್ಟು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ. ಆದ್ರೆ ಸರ್ವೆ ನಂಬರು, 2 ಎಕರೆ 14 ಗುಂಟೆ, ಇದೆಲ್ಲ ಅಮ್ಮಂಗೆ ಗೊತ್ತಿಲ್ಲ, ಅವರಿಗೆ ಅದು ಹುಣಸೆಮರದ ಹೊಲ ಅಷ್ಟೆ. ಅದಕ್ಕೆ ಆ ಪ್ಯಾರಾದಲ್ಲಿ 'ಪಹಣಿಯಲ್ಲಿ ನಮೂದಾಗಿರುವಂತೆ' ಅಂತ ಸೇರಿಸಿದೆ. ಕೋರ್ಟಿಗೆ ಹಾಕೋ ಅಫಿಡವಿಟಿಗೆ ಸ್ವಂತ ಅರಿವಿನ ಈ ನಿಯಮ ಸಿವಿಲ್ ಪ್ರೊಸೀಜರ್ ಕೋಡಲ್ಲೇ ಇದೆ, ಕಚೇರಿಗೆ ಕೊಡೋದಕ್ಕೂ ಹಂಗೇ ಬರೆದ್ರೆ ನಾಳೆ ಯಾರಾದ್ರೂ ಕೇಳಿದಾಗ ಅಮ್ಮ ತಡವರಿಸ್ಬೇಕಾಗಿಲ್ಲ.

ಇ-ಸ್ಟ್ಯಾಂಪ್ ವಿಷಯ ಬೇಗ ಹೇಳ್ತೀನಿ. ಕರ್ನಾಟಕದಲ್ಲಿ ಅಫಿಡವಿಟ್‌ಗೆ ಮೊದಲು 20 ರೂಪಾಯಿ ಸಾಕಿತ್ತು, 2024ರ ಫೆಬ್ರವರಿಯಿಂದ 100 ರೂಪಾಯಿ. ಕೋರ್ಟಲ್ಲಿ ಹಾಕೋಕೆ ಅಂತ ಮಾಡಿಸೋದಕ್ಕೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ನಮ್ಮಂಥ ಕಚೇರಿ ಕೆಲಸಕ್ಕೆ ಇದೆ. ಅಂಗಡಿಯವನು ಮೊದಲನೇದನ್ನ ನನ್ನ ಹೆಸರಲ್ಲಿ ತೆಗೆದಿದ್ದ, ಪ್ರಮಾಣ ಮಾಡೋರು ಅಮ್ಮ, ಹಾಗಾಗಿ ಎರಡನೇ ಸಲ ಅಮ್ಮನ ಹೆಸರಲ್ಲೇ ತೆಗೆಸಿದೆ. ಇನ್ನೊಂದು, ಸ್ಟ್ಯಾಂಪ್ ತೆಗೆದ ದಿನಾಂಕ ಪ್ರಮಾಣ ಮಾಡಿದ ದಿನಾಂಕಕ್ಕಿಂತ ಆಮೇಲಿನದು ಆಗಿರ್ಬಾರ್ದು. ಟೈಪ್ ಮಾಡುವಾಗ ಹಳೇ ತಾರೀಖು ಹಾಗೇ ಉಳಿದುಬಿಡುತ್ತೆ, ನಾನು ತಾರೀಖಿನ ಜಾಗ ಖಾಲಿ ಬಿಟ್ಟು ನೋಟರಿ ಎದುರಿಗೇ ಪೆನ್ನಲ್ಲಿ ಬರೆಸಿದೆ.

ಅಮ್ಮನ್ನ ಕರ್ಕೊಂಡು ತಾಲ್ಲೂಕಿಗೆ ಹೋದ್ವಿ, ಬಸ್ಸಲ್ಲಿ ಸೀಟ್ ಸಿಗದೆ ಒಂದು ಗಂಟೆ ನಿಂತೇ. ನೋಟರಿ ಒಬ್ರು ವಯಸ್ಸಾದ ಮೇಡಂ. ನನ್ನನ್ನ ಪಕ್ಕಕ್ಕೆ ಕೂರಿಸಿ, 'ನೀವು ಮಾತಾಡ್ಬೇಡಿ, ಅಮ್ಮ ಹೇಳ್ಲಿ' ಅಂದ್ರು. ಆಧಾರ್ ಒರಿಜಿನಲ್ ನೋಡಿ ಮುಖ ನೋಡಿದ್ರು. ಆಮೇಲೆ ಒಂದೊಂದು ಪ್ಯಾರಾ ಜೋರಾಗಿ ಓದೋದು, 'ಇದು ನಿಜಾನಾಮ್ಮ?' ಅಂತ ಕೇಳೋದು. ದೊಡ್ಡಕ್ಕನ ವಯಸ್ಸು 44 ಅಂತ ಬರೆದಿದ್ದೆ, ಅಮ್ಮ ತಡೆದು, 'ಇಲ್ಲ ಕಣವ್ವ, ನಾಗುಗೆ ನಲವತ್ತಾರು, ಅವ್ಳು ಹುಟ್ಟಿದ್ ವರ್ಷ ನಮ್ಮತ್ತೆ ತೀರ್ಕೊಂಡಿದ್ದು' ಅಂದ್ರು. ಅಲ್ಲೇ ಹೊಡೆದುಹಾಕಿ 46 ಅಂತ ಬರೆದು, ತಿದ್ದಿದ ಜಾಗದ ಪಕ್ಕ ಅಮ್ಮನ ಹೆಬ್ಬೆಟ್ಟು, ಅದರ ಹತ್ರ ಮೇಡಂ ಚಿಕ್ಕ ಸಹಿ. ಕೊನೇಲಿ ಅವರ ಸೀಲಿನ ಕೆಳಗೆ 'ತಿದ್ದುಪಡಿಗಳ ಸಂಖ್ಯೆ' ಅಂತ ಒಂದು ಜಾಗ ಇರುತ್ತೆ, ಅಲ್ಲಿ 1 ಅಂತ ಬರೆದ್ರು. ಅದು ಯಾಕೆ ಅಂದ್ರೆ ಆಮೇಲೆ ಯಾರಾದ್ರೂ ಇನ್ನೊಂದು ಕಡೆ ತಿದ್ದಿದ್ರೆ ಲೆಕ್ಕ ತಾಳೆ ಆಗಲ್ಲ. ಈ ಜಾಗ ಖಾಲಿ ಇದ್ರೆ ನೀವೇ ಕೇಳಿ ತುಂಬಿಸ್ಕೊಳ್ಳಿ, ತಿದ್ದುಪಡಿ ಇಲ್ಲ ಅಂದ್ರೂ ಇಲ್ಲ ಅಂತಾನೇ ಬರೆಸಿ.

ಎಲ್ಲಾ ಓದಿ ಮುಗಿಸಿದ ಮೇಲೆ ಮೇಡಂ ಹೇಳ್ಕೊಟ್ಟ ಹಾಗೆ ಅಮ್ಮ, ಇದರಲ್ಲಿ ಇರೋದೆಲ್ಲ ಸತ್ಯ ಅಂತ ಸತ್ಯನಿಷ್ಠೆಯಿಂದ ಹೇಳ್ತೀನಿ ಅಂದ್ರು. ಅಷ್ಟೆ, ಅರ್ಧ ನಿಮಿಷ. ಆದ್ರೆ ಅಫಿಡವಿಟ್ ಅಂದ್ರೆ ಆ ಅರ್ಧ ನಿಮಿಷಾನೇ, ಉಳಿದಿದ್ದೆಲ್ಲ ಅದು ನಡೀತು ಅನ್ನೋದಕ್ಕೆ ಬರೆದಿಟ್ಟ ಗುರುತು. ಆಮೇಲೆ ಪ್ರತಿ ಪುಟಕ್ಕೂ ಎಡಗೈ ಹೆಬ್ಬೆಟ್ಟು, ಯಾರ ಹೆಬ್ಬೆಟ್ಟು ಅಂತ ಪಕ್ಕದಲ್ಲಿ ಹೆಸರು, 'ಓದಿ ಹೇಳಲಾಗಿದೆ, ತಿಳಿದುಕೊಂಡು ಒಪ್ಪಿರುತ್ತಾರೆ' ಅಂತ ಒಂದು ಸಾಲು, ಗುರುತಿಸಿದವರು ಅನ್ನೋ ಕಡೆ ವಕೀಲರ ಸಹಿ. ಕೊನೆಗೆ ಮೇಡಂ ದಪ್ಪ ರಿಜಿಸ್ಟರ್ ತೆಗೆದು ಕ್ರಮ ಸಂಖ್ಯೆ ಹಾಕಿ ಅಲ್ಲೂ ಹೆಬ್ಬೆಟ್ಟು ಒತ್ತಿಸಿದ್ರು, ಅದೇ ಸಂಖ್ಯೆ ನಮ್ಮ ಪೇಪರ್ ಮೇಲೂ ಬಂತು. ಮನೇಲಿ ಹೆಬ್ಬೆಟ್ಟು ಒತ್ತಿಸಿ ತರೋ ಅಫಿಡವಿಟಿಗೆ ಈ ರಿಜಿಸ್ಟರಲ್ಲಿ ನಮ್ಮ ಗುರುತು ಎಲ್ಲಿಂದ ಬರುತ್ತೆ? ಮುಂದೆ ಯಾರಾದ್ರೂ ಕೇಸ್ ಹಾಕಿ, ಅವತ್ತು ನೀವು ಅಲ್ಲಿ ಹೋಗಿದ್ರಾ ಅಂತ ಅಮ್ಮನ್ನ ಕೇಳಿದ್ರೆ ಇಲ್ಲ ಅನ್ಬೇಕಾಗಿತ್ತು.

ನಾನು 'ಇನ್ನು ಇದು ಪಕ್ಕಾ ಆಯ್ತಲ್ಲ ಮೇಡಂ' ಅಂದೆ. ಅವರು ನಕ್ಕು, 'ನನ್ನ ಸೀಲು ನಿಮ್ಮಮ್ಮ ಬಂದು ಹೇಳಿದ್ರು ಅನ್ನೋದಕ್ಕೆ, ಅವರು ಹೇಳಿದ್ದು ನಿಜಾನಾ ಅಂತ ನಂಗೇನ್ ಗೊತ್ತಪ್ಪ' ಅಂದ್ರು. ಹಾಗಾಗೇ ನಾಡಕಚೇರಿಲಿ ಅರ್ಜಿ ಕೊಟ್ಟ ಮೇಲೆ ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದು ಅಕ್ಕಪಕ್ಕದವರನ್ನ ಕೇಳಿ ಮಹಜರ್ ಮಾಡಿದ್ರು, ಅಫಿಡವಿಟ್ ಇದೆ ಅಂತ ಅದನ್ನ ಬಿಡಲಿಲ್ಲ. ನಮ್ಮ ಎದುರು ಮನೆ ಗೌಡರು ಮೊದಲು ಹೇಳಿದ್ದೇ 'ನಾಲ್ಕು ಜನ ಮಕ್ಕಳು ಸಾರ್, ಎರಡು ಹೆಣ್ಣು ಎರಡು ಗಂಡು' ಅಂತ. ಟೈಪಿಂಗ್ ಅಂಗಡಿ ಪೇಪರ್ ಕೊಟ್ಟಿದ್ರೆ ಅಲ್ಲೇ ಮುಗೀತಿತ್ತು ಕಥೆ.

ಒರಿಜಿನಲ್ ನಾಡಕಚೇರಿಲೇ ಉಳಿಯುತ್ತೆ, ಹಿಂದೆ ಕೊಡಲ್ಲ, ಕೊಡೋ ಮೊದಲು ಎರಡೂ ಕಡೆ ಜೆರಾಕ್ಸ್ ಮಾಡಿಸಿಟ್ಕೊಳ್ಳಿ. ಆಮೇಲೆ ಅಪ್ಪನ ಬ್ಯಾಂಕ್ ಖಾತೆಗೆ ಅಂತ ಹೋದಾಗ ಅದೇ ಜೆರಾಕ್ಸ್ ಕೊಟ್ಟೆ, ಅವರು ಬೇಡ ಅಂದ್ರು, ಅವರದೇ ನಮೂನೆ ಇದೆಯಂತೆ. ಇನ್ನೊಂದು 100 ರೂಪಾಯಿ ಇ-ಸ್ಟ್ಯಾಂಪು. ಅಮ್ಮ ಈ ಸಲ ಅಡಿಕೆ ಚೀಲ ಸಮೇತ ಹೊರಟ್ರು, 'ಆ ಮೇಡಮ್ಮನ ಹತ್ರಾನೇ ಕರ್ಕೊಂಡ್ ಹೋಗು, ಅವ್ರು ಓದಿ ಹೇಳ್ತಾರೆ' ಅಂತ.